ಕೂದಲಂಚಿಗೆ ನೇರಳೆ, ಹೆಗಲಂಚಿಗೆ ಹಸಿರು: ಎದುರು ಬೆಳಕಿನ ಭಾವಚಿತ್ರಗಳಲ್ಲಿ ಬಣ್ಣದ ಗೆರೆಗಳ ಪತ್ತೆ ಮತ್ತು ನಿವಾರಣೆ

ಮದುವೆಗೆ ಮುಂಚಿನ ಚಿತ್ರಗಳಿಗಾಗಿ ಗಂಗಾವತಿಯ ಒಂದು ಕುಟುಂಬದವರನ್ನು ಆನೆಗುಂದಿಯ ಹೊಳೆದಂಡೆಗೆ ಕರೆದುಕೊಂಡು ಹೋಗಿದ್ದೆ. ಸಂಜೆ ಐದರ ಹೊತ್ತಾಗಿತ್ತು. ಮದುಮಗಳು ಸೂರ್ಯನಿಗೆ ಬೆನ್ನು ಮಾಡಿ, ಬಲ ಹೆಗಲನ್ನು ನನ್ನ ಕಡೆಗೆ ತಂದು, ಎಡ ಹೆಗಲನ್ನು ಹಿಂದಕ್ಕೆ ಸರಿಸಿ ಓರೆಯಾಗಿ ನಿಂತಿದ್ದಳು. ಗಾಳಿಗೆ ಮುಂದಲೆಯ ಕೂದಲು ಹಾರುತ್ತಿತ್ತು, ಹಿಂದೆ ಬೆಳ್ಳಗಾದ ಆಕಾಶವಿತ್ತು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಂಡಿತು. ಎರಡು ದಿನಗಳ ನಂತರ ಅಂಗಡಿಯ ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೆರೆದು ತೋರಿಸಿದಾಗ ಅವಳು ಕೇಳಿದ ಮೊದಲ ಪ್ರಶ್ನೆ ಇದು: "ಅಣ್ಣಾರ, ನನ್ನ ಕೂದಲಾಗ ನೇರಳಿ ಬಣ್ಣ ಎಲ್ಲಿಂದ ಬಂತ್ರಿ? ನಾ ಏನೂ ಹಚ್ಚಿಲ್ಲಲ್ರಿ."

ಹಾರುವ ಪ್ರತಿಯೊಂದು ಎಳೆಯ ಪಕ್ಕದಲ್ಲೂ ನೇರಳೆ ಗೆರೆಯಿತ್ತು. ಹಿಂದಿನ ಹೆಗಲಿನ ಅಂಚಿನಲ್ಲಿ ಅದಕ್ಕಿಂತ ಸಣ್ಣದಾದ ಹಸಿರು ಗೆರೆಯಿತ್ತು. ಈ ಚಿತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಇಂಥ ಗೆರೆಗಳು ಕಂಡಾಗ ಯಾವುದನ್ನು ಮೊದಲು ನೋಡಬೇಕು, ಯಾವ ಚಿಹ್ನೆಯಿಂದ ಏನು ತಿಳಿಯುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕಾರಣ ತಿಳಿಯದೆ ತಿದ್ದಲು ಹೊರಟರೆ ಗೆರೆಯ ಜೊತೆಗೆ ಸೀರೆಯ ಬಣ್ಣವನ್ನೂ ಅಳಿಸಿಬಿಡುತ್ತೇವೆ. ಆದ್ದರಿಂದ ಪತ್ತೆಯ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎಲ್ಲಕ್ಕಿಂತ ಮೊದಲು: ಗೆರೆ ನಿಜವಾಗಿಯೂ ಚಿತ್ರದಲ್ಲಿದೆಯೇ?

ಚಿತ್ರವನ್ನು 100 ಪ್ರತಿಶತ ಗಾತ್ರದಲ್ಲಿ, ಅಂದರೆ ಫೈಲಿನ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್‌ಗೆ ಸಮನಾಗುವಂತೆ ತೆರೆದು ನೋಡಬೇಕು. ಕಡಿಮೆ ಗಾತ್ರದಲ್ಲಿ ಅಂಚುಗಳು ನಂಬಿಕೆಗೆ ಯೋಗ್ಯವಾಗಿ ಕಾಣುವುದಿಲ್ಲ. ಅದೇ ಫೈಲನ್ನು ಇನ್ನೊಂದು ಪರದೆಯಲ್ಲೋ ಫೋನಿನಲ್ಲೋ ಅಷ್ಟೇ ದೊಡ್ಡದು ಮಾಡಿ ನೋಡಿದಾಗ ಗೆರೆ ಮಾಯವಾದರೆ ದೋಷ ಮೊದಲ ಪರದೆಯದು. ಗೆರೆ ಮುದ್ರಿತ ಪ್ರತಿಯಲ್ಲಿ ಮಾತ್ರ ಕಂಡು ಫೈಲಿನಲ್ಲಿ ಕಾಣದಿದ್ದರೆ ಅದು ಮುದ್ರಣದ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದ ದೋಷವಿರಬಹುದು. ಅದಕ್ಕೆ ಲ್ಯಾಬಿನವರನ್ನೇ ಕೇಳಬೇಕು, ಫೈಲನ್ನು ಮುಟ್ಟಬಾರದು.

ಗೆರೆಯ ಅಗಲವನ್ನೂ ಇದೇ ಹಂತದಲ್ಲಿ ಅಳೆದುಕೊಳ್ಳುವುದು ಒಳ್ಳೆಯದು. ನಮ್ಮ ಚಿತ್ರ 24 ಮೆಗಾಪಿಕ್ಸೆಲ್‌ನದು, ನಿಲುವಿನಲ್ಲಿ 6000 ಪಿಕ್ಸೆಲ್ ಎತ್ತರವಿತ್ತು. ಕೂದಲಿನ ನೇರಳೆ ಗೆರೆ ಸುಮಾರು 6 ಪಿಕ್ಸೆಲ್ ಅಗಲವಿತ್ತು. 12×36 ಇಂಚಿನ ಆಲ್ಬಂ ಹಾಳೆಯಲ್ಲಿ ಚಿತ್ರವನ್ನು ಪೂರ್ತಿ ಎತ್ತರಕ್ಕೆ ಕೂರಿಸಿದರೆ ಒಂದು ಇಂಚಿಗೆ 500 ಪಿಕ್ಸೆಲ್ ಬರುತ್ತದೆ, 6 ಪಿಕ್ಸೆಲ್‌ನ ಗೆರೆ ಸುಮಾರು 0.3 ಮಿಲಿಮೀಟರ್ ಆಗುತ್ತದೆ. ಕಪ್ಪು ಕೂದಲು ಬಿಳಿ ಆಕಾಶವನ್ನು ಸೇರುವ ಜಾಗದಲ್ಲಿ ಅಷ್ಟು ಸಾಕು, ಕಣ್ಣಿಗೆ ತಾಗುತ್ತದೆ. ಅದೇ ಚಿತ್ರ ವಾಟ್ಸಾಪ್‌ನಲ್ಲಿ ಹೋಗುವುದಾದರೆ ಗಾತ್ರ ಕುಗ್ಗುವಾಗ ಗೆರೆಯೂ ಒಂದು ಪಿಕ್ಸೆಲ್‌ನ ಆಸುಪಾಸಿಗೆ ಕುಗ್ಗಿ ಕಾಣದಾಗುತ್ತದೆ. ಅಂಥ ಚಿತ್ರಗಳಿಗೆ ಗಂಟೆಗಟ್ಟಲೆ ಕೂರಬೇಕಾಗಿಲ್ಲ.

ಲಕ್ಷಣ: ಬಣ್ಣ ಗೆರೆಯಾಗಿಲ್ಲ, ಮೈಮೇಲೆ ಹರಡಿಕೊಂಡಿದೆ

ಲೆನ್ಸಿನಿಂದ ಬರುವ ಗೆರೆ ಸಣ್ಣದು. ಅದು ಗಾಢ ಭಾಗ ಬೆಳಕಿನ ಭಾಗವನ್ನು ಸೇರುವ ಅಂಚಿಗೆ ಅಂಟಿಕೊಂಡು ಓಡುತ್ತದೆ. ಬಣ್ಣವು ಕುತ್ತಿಗೆಯಿಂದ ಹೆಗಲಿನವರೆಗೆ ಬೆರಳಗಲ ಹರಡಿ ನಿಧಾನವಾಗಿ ಮಾಸುತ್ತಿದ್ದರೆ ಅದು ಸುತ್ತಲಿನ ವಸ್ತುವಿನಿಂದ ಪುಟಿದು ಬಂದ ಬೆಳಕು. ಗಂಗಾವತಿ ಸುತ್ತಮುತ್ತ ಭತ್ತದ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ ಗದ್ದದ ಕೆಳಗೆ ಹಸಿರು ಛಾಯೆ ಬರುವುದು ಹೀಗೆ. ಹಂದರದ ಕೆಂಪು ಬಟ್ಟೆಯ ಕೆಳಗೆ ಹೆಗಲು ಕೆಂಪಾಗುವುದೂ ಹೀಗೆಯೇ. ಎಣ್ಣೆ ಹಚ್ಚಿ ಬಾಚಿದ ಕಪ್ಪು ಕೂದಲಿನ ಮೇಲ್ಭಾಗದಲ್ಲಿ ತೆಳು ನೀಲಿ ಹೊಳಪು ಕಂಡರೆ ಅದು ಆಕಾಶದ ಪ್ರತಿಬಿಂಬ. ಅದು ನಿಜವಾದ ಬಣ್ಣ, ಅದನ್ನು ಹಾಗೆಯೇ ಬಿಡಬೇಕು.

ಫೋನಿನ ಪೋರ್ಟ್ರೇಟ್ ಮೋಡಿನಲ್ಲಿ ತೆಗೆದ ಚಿತ್ರದಲ್ಲಿ ಕೂದಲಿನ ಸುತ್ತ ಹಿನ್ನೆಲೆಯ ಒಂದು ಪಟ್ಟಿ ಮಸುಕಾಗದೆ ಉಳಿದಿದ್ದರೆ ಅದೂ ಲೆನ್ಸಿನ ದೋಷವಲ್ಲ. ಫೋನು ಕೂದಲನ್ನು ಹಿನ್ನೆಲೆಯಿಂದ ಬೇರ್ಪಡಿಸುವಾಗ ತಪ್ಪಿದ ಗುರುತು ಅದು. ಮುಂದೆ ಹೇಳುವ ಉಪಾಯಗಳು ಈ ಮೂರಕ್ಕೂ ನಡೆಯುವುದಿಲ್ಲ.

ಲಕ್ಷಣ: ಮೂಲೆಗಳಲ್ಲಿ ಮಾತ್ರ ಇದೆ, ಒಂದು ಬದಿ ಒಂದು ಬಣ್ಣ, ಎದುರು ಬದಿ ಇನ್ನೊಂದು

ಚಿತ್ರದ ನಡುವಿನಲ್ಲಿ ನಿಂತವರ ಅಂಚು ಶುದ್ಧವಾಗಿದ್ದು, ಗುಂಪಿನ ಚಿತ್ರದಲ್ಲಿ ಕೊನೆಗೆ ನಿಂತವರ ಹೆಗಲಿನ ಹೊರಬದಿಗೆ ಕೆಂಪು, ಅದೇ ವ್ಯಕ್ತಿಯ ಒಳಬದಿಗೆ ನೀಲಿ ಬೆರೆತ ಹಸಿರು ಕಂಡರೆ ಇದು ಅಡ್ಡ ವರ್ಣ ವಿಪಥನ. ಲೆನ್ಸು ಕೆಂಪು, ಹಸಿರು, ನೀಲಿ ಬಿಂಬಗಳನ್ನು ಒಂದೇ ಗಾತ್ರದಲ್ಲಿ ಮೂಡಿಸದಿರುವುದರಿಂದ ನಡುವಿನಿಂದ ದೂರ ಹೋದಂತೆಲ್ಲ ಅವು ಒಂದರಿಂದೊಂದು ಸರಿಯುತ್ತವೆ. ಅಪರ್ಚರ್ ಕಿರಿದುಗೊಳಿಸಿದರೂ ಇದು ಕಡಿಮೆಯಾಗುವುದಿಲ್ಲ. ಇದನ್ನು ಗುರುತಿಸಲು ಅದೊಂದು ಒಳ್ಳೆಯ ಚಿಹ್ನೆ.

ಪರಿಹಾರ ಸುಲಭ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ `Lens Corrections` ವಿಭಾಗದ `Profile` ಪುಟಕ್ಕೆ ಹೋಗಿ `Remove Chromatic Aberration` ಎದುರಿನ ಚೌಕಕ್ಕೆ ಗುರುತು ಹಾಕಿದರೆ ತಂತ್ರಾಂಶವೇ ಬಣ್ಣದ ಪದರಗಳನ್ನು ಹಿಗ್ಗಿಸಿ ಕುಗ್ಗಿಸಿ ಕೂಡಿಸುತ್ತದೆ. ಇದರಿಂದ ಬಟ್ಟೆಯ ಬಣ್ಣಕ್ಕೆ ತೊಂದರೆ ಬಲು ಅಪರೂಪ. ಬಹಳಷ್ಟು ಹೊಸ ಕ್ಯಾಮೆರಾಗಳು ಜೆಪೆಗ್ ಫೈಲಿನಲ್ಲಿ ಇದನ್ನು ತಾವೇ ಮಾಡಿ ಕೊಡುತ್ತವೆ.

ಆನೆಗುಂದಿಯ ಚಿತ್ರದಲ್ಲಿ ಈ ಗುರುತು ಹಾಕಿದಾಗ ಕೂದಲಿನ ನೇರಳೆ ಕೂದಲೆಳೆಯಷ್ಟೂ ಕದಲಲಿಲ್ಲ. ಅದರಿಂದಲೂ ಒಂದು ವಿಷಯ ಖಚಿತವಾಯಿತು: ದೋಷ ಬೇರೆ ಜಾತಿಯದು.

ಲಕ್ಷಣ: ಚಿತ್ರದ ನಡುವಿನಲ್ಲೂ ಇದೆ, ಮುಂದಿರುವುದಕ್ಕೆ ನೇರಳೆ, ಹಿಂದಿರುವುದಕ್ಕೆ ಹಸಿರು

ಭಾವಚಿತ್ರ ತೆಗೆಯುವವರನ್ನು ಹೆಚ್ಚು ಕಾಡುವುದು ಇದೇ. ಇದು ಉದ್ದನೆಯ ವರ್ಣ ವಿಪಥನ. ಮೂಲೆ, ನಡು ಎಂಬ ಭೇದ ಇದಕ್ಕಿಲ್ಲ. ಇದು ಫೋಕಸ್ ಇರುವ ಜಾಗಕ್ಕಿಂತ ವಸ್ತು ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಅನುಸರಿಸುತ್ತದೆ.

ಗಾಜು ಎಲ್ಲ ಬಣ್ಣಗಳನ್ನೂ ಒಂದೇ ದೂರದಲ್ಲಿ ಒಟ್ಟುಗೂಡಿಸಲಾರದು. ಸಾಮಾನ್ಯ ಭಾವಚಿತ್ರದ ಲೆನ್ಸುಗಳಲ್ಲಿ ತಯಾರಕರು ಎರಡು ಬಗೆಯ ಗಾಜುಗಳನ್ನು ಜೋಡಿಸಿ ಕೆಂಪು ಮತ್ತು ನೀಲಿಯನ್ನು ಹೆಚ್ಚು ಕಡಿಮೆ ಒಂದೇ ಕಡೆ ಕೂಡಿಸುತ್ತಾರೆ, ಆದರೆ ಹಸಿರು ಅವೆರಡಕ್ಕಿಂತ ಸ್ವಲ್ಪ ಮೊದಲೇ, ಲೆನ್ಸಿಗೆ ಹತ್ತಿರವಾಗಿ ಕೂಡಿಬಿಡುತ್ತದೆ. ಫೋಕಸ್‌ಗಿಂತ ಮುಂದಿರುವ ವಸ್ತುವಿನ ಬಿಂಬ ಸಂವೇದಕದ ಹಿಂದೆ ಬೀಳುತ್ತದೆ; ಆಗ ಹಸಿರು ಕಡಿಮೆ ಮಸುಕಾಗುತ್ತದೆ, ಕೆಂಪು ಮತ್ತು ನೀಲಿ ಹೆಚ್ಚು ಹರಡುತ್ತವೆ, ಅವೆರಡೂ ಬೆರೆತು ಕಪ್ಪಿನ ಮೇಲೆ ನೇರಳೆಯಾಗಿ ಚೆಲ್ಲುತ್ತವೆ. ಫೋಕಸ್‌ಗಿಂತ ಹಿಂದಿರುವ ವಸ್ತುವಿನ ಬಿಂಬ ಸಂವೇದಕದ ಮುಂದೆಯೇ ಕೂಡುತ್ತದೆ. ಆಗ ಹೆಚ್ಚು ಹರಡುವುದು ಹಸಿರು.

ನಮ್ಮ ಚಿತ್ರಕ್ಕೆ ಇದನ್ನು ಹೊಂದಿಸಿ ನೋಡಬಹುದು. 85 ಎಂಎಂ ಲೆನ್ಸು, ಅಪರ್ಚರ್ f/1.8, ಮದುಮಗಳು ಸುಮಾರು ಎರಡೂವರೆ ಮೀಟರ್ ದೂರದಲ್ಲಿದ್ದಳು, ಫೋಕಸ್ ನನಗೆ ಹತ್ತಿರದ ಕಣ್ಣಿನ ಮೇಲಿತ್ತು. ಈ ಲೆಕ್ಕದಲ್ಲಿ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಸ್ಪಷ್ಟವಾಗಿ ಮೂಡುವ ಆಳ ಒಟ್ಟು 9 ಸೆಂಟಿಮೀಟರ್‌ನಷ್ಟು ಮಾತ್ರ. ಗಾಳಿಗೆ ನನ್ನ ಕಡೆಗೆ ಹಾರಿ ಬಂದ ಮುಂದಲೆಯ ಕೂದಲು ಕಣ್ಣಿಗಿಂತ ಮುಂದಿತ್ತು, ಅದಕ್ಕೆ ನೇರಳೆ ಬಂತು. ಮುಂದೆ ತಂದಿದ್ದ ಬಲ ಹೆಗಲಿಗೂ ನೇರಳೆಯೇ. ಹಿಂದೆ ಸರಿಸಿದ್ದ ಎಡ ಹೆಗಲು ಕಣ್ಣಿಗಿಂತ ಒಂದು ಗೇಣಿನಷ್ಟು ಹಿಂದಿತ್ತು, ಅದಕ್ಕೆ ಹಸಿರು. ಜಡೆಗೆ ಮುಡಿದಿದ್ದ ಮಲ್ಲಿಗೆ ದಂಡೆಯ ಬಿಳಿ ಮೊಗ್ಗುಗಳ ಅಂಚಿನಲ್ಲೂ, ಅವು ಕಪ್ಪು ಕೂದಲನ್ನು ತಾಗುವ ಕಡೆಗಳಲ್ಲಿ, ಹಸಿರು ಕಂಡಿತು. ಬಣ್ಣಗಳು ಹೀಗೆ ದೂರಕ್ಕೆ ತಕ್ಕಂತೆ ಸಾಲಾಗಿ ನಿಂತರೆ ಅನುಮಾನಕ್ಕೆ ಎಡೆಯಿಲ್ಲ.

ಆದರೂ ಅನುಮಾನ ಉಳಿದರೆ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಮನೆಯ ದಿನಪತ್ರಿಕೆಯ ಒಂದು ಪುಟವನ್ನು ರಟ್ಟಿಗೆ ಅಂಟಿಸಿ, ಕ್ಯಾಮೆರಾದಿಂದ ಒಂದು ಮೀಟರ್‌ನಷ್ಟು ದೂರದಲ್ಲಿ, ಮೇಲಂಚು ಹಿಂದಕ್ಕೆ ಬಾಗುವಂತೆ ಓರೆಯಾಗಿ ನಿಲ್ಲಿಸಬೇಕು. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ, ಒಳ್ಳೆಯ ಬೆಳಕಿನಲ್ಲಿ f/1.8, f/2.8, f/4, f/5.6 ಹೀಗೆ ನಾಲ್ಕು ಚಿತ್ರ ತೆಗೆಯಬೇಕು. ಮೊದಲ ಚಿತ್ರದಲ್ಲಿ ಫೋಕಸ್ ಸಾಲಿಗಿಂತ ಕೆಳಗಿನ, ಅಂದರೆ ಹತ್ತಿರದ ಅಕ್ಷರಗಳು ನೇರಳೆಗೂ ಮೇಲಿನ ಅಕ್ಷರಗಳು ಹಸಿರಿಗೂ ತಿರುಗಿರುತ್ತವೆ. ಯಾವ ಅಪರ್ಚರ್‌ಗೆ ಬಂದಾಗ ಎರಡೂ ಕಪ್ಪಾಗುತ್ತವೆಯೋ ಅದೇ ಆ ಲೆನ್ಸಿನ ಕ್ಷೇಮದ ಅಂಕ. ನನ್ನ ಲೆನ್ಸಿನಲ್ಲಿ f/2.8 ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೋಗಿ, f/4 ಹೊತ್ತಿಗೆ ಹುಡುಕಿದರೂ ಸಿಗದಂತಾಯಿತು. ಆ ಅಂಕವನ್ನು ಚೀಟಿಯಲ್ಲಿ ಬರೆದು ಲೆನ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ಚಿತ್ರ ತೆಗೆಯುವ ಜಾಗದಲ್ಲೇ ಗೆರೆ ಕಂಡರೆ

ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಹಿಡಿಯುವ ಕೆಲಸವನ್ನು ಹೊಳೆದಂಡೆಯಲ್ಲಿ ಎರಡು ಹೆಜ್ಜೆಗಳಲ್ಲಿ ಮುಗಿಸಬಹುದು. ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ಕೂದಲಿನ ಅಂಚನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು, ಅಷ್ಟೇ.

ಮೊದಲನೆಯ ಉಪಾಯ ನಿಂತ ಜಾಗ ಬದಲಿಸುವುದು. ಕ್ಯಾಮೆರಾ ಹಿಡಿದವರು ಪಕ್ಕಕ್ಕೆ ಎರಡು ಹೆಜ್ಜೆ ಸರಿದರೆ ತಲೆಯ ಹಿಂದೆ ಆಕಾಶದ ಬದಲು ನೆರಳಿನಲ್ಲಿರುವ ಬಂಡೆ ಬರುತ್ತದೆ. ಆನೆಗುಂದಿಯಲ್ಲಿ ಬಂಡೆಗೆ ಬರವಿಲ್ಲ. ಕೂದಲಿನ ಅಂಚಿಗೆ ಬೀಳುವ ಚಿನ್ನದ ಬೆಳಕು ಹಾಗೆಯೇ ಉಳಿಯುತ್ತದೆ, ಹಿನ್ನೆಲೆ ಮಾತ್ರ ಗಾಢವಾಗುತ್ತದೆ. ಚೆಲ್ಲಲು ಅಷ್ಟು ಬೆಳಕೇ ಇಲ್ಲದ್ದರಿಂದ ಗೆರೆ ಬಹುಪಾಲು ಇಲ್ಲವಾಗುತ್ತದೆ.

ಜಾಗ ಬದಲಿಸಲಾಗದಿದ್ದರೆ ಎಕ್ಸ್‌ಪೋಶರ್ ಒಂದು ಸ್ಟಾಪ್ ತಗ್ಗಿಸಬೇಕು. ಆಕಾಶ ಪೂರ್ತಿ ಬಿಳಿಚಿಕೊಂಡಾಗ ಹರಡಿದ ಬೆಳಕಿನ ಮಂದ ಬಾಲವೂ ಕಣ್ಣಿಗೆ ಬೀಳುವಷ್ಟು ಪ್ರಬಲವಾಗುತ್ತದೆ, ಗೆರೆ ಅಗಲವಾಗಿ ಕಾಣುತ್ತದೆ. ಮುಖವನ್ನು ರಿಫ್ಲೆಕ್ಟರಿನಿಂದಲೋ, ನಂತರ ಕಂಪ್ಯೂಟರಿನಲ್ಲೋ ಬೆಳಗಿಸಿಕೊಳ್ಳಬಹುದು. ಲೆನ್ಸಿನ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ಅದನ್ನು ಬಿಚ್ಚಿ ಒಂದು ಚಿತ್ರ ತೆಗೆದು ಹೋಲಿಸಬೇಕು. ಎದುರು ಬೆಳಕಿನಲ್ಲಿ ಅಂಥ ಗಾಜು ಅಂಚುಗಳ ಮೇಲೆ ಮಂಜು ಕವಿಸಿ ಇರುವ ದೋಷವನ್ನು ಇನ್ನಷ್ಟು ಕೆಡಿಸುತ್ತದೆ.

ಅಪರ್ಚರ್ ಕಿರಿದುಗೊಳಿಸುವುದನ್ನು ನಾನು ಕೊನೆಗೆ ಇಡುತ್ತೇನೆ. ಅದು ಖಚಿತವಾಗಿ ಕೆಲಸ ಮಾಡುತ್ತದೆ, ಆದರೆ f/4ಕ್ಕೆ ಹೋದರೆ ಸ್ಪಷ್ಟ ಆಳ 9ರಿಂದ ಸುಮಾರು 20 ಸೆಂಟಿಮೀಟರ್‌ಗೆ ಏರುತ್ತದೆ, ಹಿನ್ನೆಲೆಯ ಮೃದುತ್ವ ಕಡಿಮೆಯಾಗುತ್ತದೆ. f/1.8ರ ಲೆನ್ಸು ಕೊಂಡಿರುವುದೇ ಆ ಮೃದುತ್ವಕ್ಕಾಗಿ. ಹಾಗಾಗಿ f/2.8 ನನಗೆ ಒಪ್ಪುವ ರಾಜಿ.

ಎಚ್ಚರಿಕೆ: ಕನ್ನಡಿಯಿರುವ ಡಿಎಸ್ಎಲ್ಆರ್ ಕ್ಯಾಮೆರಾದ ಕಿಂಡಿಯ ಮೂಲಕ ಸೂರ್ಯನನ್ನು ನೇರವಾಗಿ ನೋಡಲೇಬಾರದು. ಲೆನ್ಸು ಬಿಸಿಲನ್ನು ಒಟ್ಟುಗೂಡಿಸಿ ಕಣ್ಣಿನೊಳಗೆ ಬಿಡುತ್ತದೆ, ಕಣ್ಣಿನ ಅಕ್ಷಿಪಟಕ್ಕೆ ವಾಸಿಯಾಗದ ಹಾನಿಯಾಗಬಹುದು. ಸೂರ್ಯನನ್ನು ತಲೆಯ ಹಿಂದೆ ಮರೆಮಾಡಿ ಚೌಕಟ್ಟು ಹೊಂದಿಸಬೇಕಾದಾಗ ಹಿಂಬದಿಯ ಪರದೆಯನ್ನೇ ಬಳಸಬೇಕು. ಚಿತ್ರ ತೆಗೆದ ಮೇಲೆ ಲೆನ್ಸನ್ನು ಸೂರ್ಯನ ಕಡೆಗೆ ತೆರೆದಿಡದೆ ಮುಚ್ಚಳ ಹಾಕಬೇಕು, ಇಲ್ಲವಾದರೆ ಒಳಗಿನ ಭಾಗಗಳು ಸುಡಬಹುದು. ಕಿಂಡಿಗೆ ಕಣ್ಣಿಟ್ಟುಕೊಂಡು ಬಂಡೆಯ ಮೇಲೆ ಹಿಂದೆ ಹಿಂದೆ ನಡೆಯುವುದೂ ಬೇಡ. ಹೊಳೆಯಂಚಿನ ಬಂಡೆಗಳು ನುಣುಪಾಗಿರುತ್ತವೆ.

ಈಗಾಗಲೇ ತೆಗೆದ ಚಿತ್ರವನ್ನು ತಿದ್ದುವುದು

ಮೂಲ ಫೈಲನ್ನು ಬೇರೆ ಡಿಸ್ಕಿನಲ್ಲಿ ಇರಿಸಿದ ಮೇಲೆಯೇ ಕೆಲಸ ಆರಂಭಿಸಬೇಕು. ರಾ ಫೈಲ್ ಇದ್ದರೆ ಅದರಲ್ಲೇ ತಿದ್ದಬೇಕು. ಜೆಪೆಗ್‌ನಲ್ಲಿ ಬಣ್ಣದ ವಿವರ ಈಗಾಗಲೇ ಕುಗ್ಗಿರುವುದರಿಂದ ಗೆರೆ ನೆರೆಯ ಪಿಕ್ಸೆಲ್‌ಗಳಿಗೂ ಹಬ್ಬಿರುತ್ತದೆ. ಚಿತ್ರವನ್ನು ಹರಿತಗೊಳಿಸುವುದನ್ನು ಕೊನೆಗೆ ಇಡಬೇಕು, ಏಕೆಂದರೆ ಮೊದಲೇ ಹರಿತಗೊಳಿಸಿದರೆ ಗೆರೆಯೂ ಹರಿತವಾಗುತ್ತದೆ.

ಆನೆಗುಂದಿಯ ಚಿತ್ರದಲ್ಲಿ ನಾನು ನಡೆದ ದಾರಿ ಹೀಗಿತ್ತು. `Lens Corrections` ವಿಭಾಗದ `Manual` ಪುಟದಲ್ಲಿ `Defringe` ಎಂಬ ಭಾಗವಿದೆ. ಅಲ್ಲಿನ ಹನಿಗೊಳವೆಯ ಚಿಹ್ನೆಯನ್ನು ಎತ್ತಿಕೊಂಡು, ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ, ಹಾರುವ ಒಂದು ಎಳೆಯ ಪಕ್ಕದ ನೇರಳೆ ಗೆರೆಯ ನಟ್ಟನಡುವೆ ಒತ್ತಿದೆ. ತಂತ್ರಾಂಶವು `Purple Amount` ಮತ್ತು `Purple Hue` ಎರಡನ್ನೂ ತಾನೇ ಹೊಂದಿಸಿತು. ಪ್ರಮಾಣದ ಸ್ಲೈಡರ್ 0ಯಿಂದ 20ರವರೆಗೆ ಓಡುತ್ತದೆ. ಅದು 9ಕ್ಕೆ ನಿಂತಿತು. ನಾನು 6ಕ್ಕೆ ಇಳಿಸಿದೆ, ಗೆರೆ ಆಗಲೂ ಹೋಗಿಯೇ ಇತ್ತು. ಬೇಕಾದ್ದಕ್ಕಿಂತ ಹೆಚ್ಚು ಕೊಡದಿರುವುದು ಇಲ್ಲಿ ಬಹಳ ಮುಖ್ಯ. ಹಿಂದಿನ ಹೆಗಲಿನ ಹಸಿರಿಗೂ ಹೀಗೆಯೇ ಒತ್ತಿ `Green Amount` ಅನ್ನು 4ಕ್ಕೆ ನಿಲ್ಲಿಸಿದೆ. ಸ್ಲೈಡರ್ ಎಳೆಯುವಾಗ Alt ಕೀಲಿಯನ್ನು ಒತ್ತಿ ಹಿಡಿದರೆ ತಂತ್ರಾಂಶ ಯಾವ ಅಂಚುಗಳನ್ನು ಮುಟ್ಟುತ್ತಿದೆ ಎಂಬುದು ಪರದೆಯ ಮೇಲೆ ಬೇರೆಯಾಗಿ ಕಾಣುತ್ತದೆ. ಆ ನೋಟವನ್ನು ಬಿಡದೆ ಬಳಸಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನ ತೊಂದರೆ ನನಗೆ ಗೊತ್ತಾದದ್ದು ಅದರಿಂದಲೇ.

ಲಕ್ಷಣ: ಗೆರೆ ಹೋಯಿತು, ಆದರೆ ಬಟ್ಟೆಯ ಅಂಚು ಬೂದು ಬಣ್ಣಕ್ಕೆ ತಿರುಗಿತು

ಮದುಮಗಳ ಕುಪ್ಪಸ ನೇರಳೆ ಬಣ್ಣದ ರೇಷ್ಮೆಯದು, ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ತಂತ್ರಾಂಶಕ್ಕೆ ಲೆನ್ಸಿನ ನೇರಳೆ ಯಾವುದು, ನೇಕಾರರು ನೇಯ್ದ ನೇರಳೆ ಯಾವುದು ಎಂದು ತಿಳಿಯುವುದಿಲ್ಲ. ಅದು ಅಂಚಿನಲ್ಲಿ ಆ ವರ್ಣ ಕಂಡಲ್ಲೆಲ್ಲ ಬಣ್ಣವನ್ನು ಹೀರುತ್ತದೆ. ಬಲ ಹೆಗಲಿನ ಮೇಲೆ ಕುಪ್ಪಸ ಆಕಾಶವನ್ನು ಸೇರುವ ಗಡಿಯಲ್ಲಿ, ಜರಿಯ ಪಕ್ಕದಲ್ಲೇ, ಪೆನ್ಸಿಲ್ಲಿನಿಂದ ಎಳೆದಂತೆ ಬೂದು ಗೆರೆ ಮೂಡಿತ್ತು. ಬಳೆಗಳ ಹೊಳಪಿನ ಸುತ್ತಲೂ ಅದೇ ಕಥೆ.

ಇದಕ್ಕೆ ಮಾಸ್ಕಿಂಗ್ ಬ್ರಶ್‌ನಲ್ಲೇ ಉತ್ತರವಿದೆ. ಬ್ರಶ್‌ನ ಸ್ಲೈಡರುಗಳ ಪಟ್ಟಿಯಲ್ಲೂ ಒಂದು `Defringe` ಇದೆ, ಅದು -100ರಿಂದ +100ರವರೆಗೆ ಓಡುತ್ತದೆ. ಅದನ್ನು -100ಕ್ಕೆ ಇಟ್ಟು ಕುಪ್ಪಸದ ಅಂಚಿನ ಮೇಲೂ ಬಳೆಗಳ ಮೇಲೂ ಸವರಿದೆ. ಋಣ ಅಂಕ ಆ ಜಾಗವನ್ನು ಇಡೀ ಚಿತ್ರದ ತಿದ್ದುವಿಕೆಯಿಂದ ಕಾಪಾಡುತ್ತದೆ. ರೇಷ್ಮೆಗೆ ಬಣ್ಣ ಮರಳಿತು. ಅಲ್ಲಿ ಲೆನ್ಸಿನ ನೇರಳೆಯೂ ಮರಳಿತು ನಿಜ, ಆದರೆ ನೇರಳೆ ಬಟ್ಟೆಯ ಪಕ್ಕದಲ್ಲಿ ಅದು ಬಟ್ಟೆಯ ಬಣ್ಣವಾಗಿಯೇ ಕಾಣುತ್ತದೆ. ಬಟ್ಟೆಯಲ್ಲಿ ನೇರಳೆ ತುಂಬ ಇದ್ದು ಗೆರೆ ಕೂದಲಿನಲ್ಲಿ ಮಾತ್ರ ಇದ್ದರೆ ಇದನ್ನು ತಿರುಗಿಸಿ ಮಾಡುವುದು ಸುಲಭ: ಇಡೀ ಚಿತ್ರದ ಪ್ರಮಾಣವನ್ನು 0ಕ್ಕೆ ಬಿಟ್ಟು, ಬ್ರಶ್‌ಗೆ +60ರ ಆಸುಪಾಸು ಕೊಟ್ಟು ಕೂದಲಿನ ಅಂಚಿನ ಮೇಲಷ್ಟೇ ಸವರಬೇಕು.

`Purple Hue` ಪಟ್ಟಿಯ ಕೆಂಪು ಕಡೆಯ ಹಿಡಿಯನ್ನು ಅಗಲಿಸುವಾಗ ತುಟಿ ಮತ್ತು ಕುಂಕುಮದ ಮೇಲೆ ಕಣ್ಣಿಟ್ಟಿರಬೇಕು. ಹಿಡಿ ಕೆಂಪಿನ ಕಡೆಗೆ ಹೆಚ್ಚು ಜರುಗಿದರೆ ಕುಂಕುಮದ ಅಂಚು ಮಾಸುತ್ತದೆ. ಮನೆಯ ಹಿರಿಯರು ಆಲ್ಬಂನಲ್ಲಿ ಮೊದಲು ನೋಡುವುದು ಹಣೆಯನ್ನೇ.

ಲಕ್ಷಣ: ಬಣ್ಣ ಹೋದರೂ ಕೂದಲಿನ ಸುತ್ತ ಮಬ್ಬು ಪಟ್ಟಿ ಉಳಿದಿದೆ

ತಂತ್ರಾಂಶ ತೆಗೆದದ್ದು ಬಣ್ಣವನ್ನು ಮಾತ್ರ. ಅಲ್ಲಿ ಚೆಲ್ಲಿದ ಬೆಳಕು ಹಾಗೆಯೇ ಇದೆ, ಆದ್ದರಿಂದ ನೇರಳೆಯ ಜಾಗದಲ್ಲಿ ಬೂದು ಉಳಿಯುತ್ತದೆ. ತೆಳುವಾಗಿದ್ದರೆ ಬಿಟ್ಟುಬಿಡುವುದೇ ವಾಸಿ. ಹಾರುವ ಕೂದಲಿಗೆ ಅದು ಸಹಜವಾದ ಮೃದುತ್ವದಂತೆ ಕಾಣುತ್ತದೆ. ದಟ್ಟವಾಗಿದ್ದರೆ ಫೋಟೋಶಾಪ್‌ನಲ್ಲಿ ಕೈಯಿಂದ ಮಾಡಬೇಕು, ಅದೂ ಆಲ್ಬಂನ ದೊಡ್ಡ ಹಾಳೆಗೆ ಹೋಗುವ ಒಂದೆರಡು ಚಿತ್ರಗಳಿಗೆ ಮಾತ್ರ.

ಚಿತ್ರದ ಪದರವನ್ನು ನಕಲು ಮಾಡಿ, ನಕಲಿಗೆ `Gaussian Blur` ಅನ್ನು ಗೆರೆಯ ಅಗಲದ ಎರಡರಷ್ಟು, ಅಂದರೆ ನಮ್ಮ ಚಿತ್ರಕ್ಕೆ 12 ಪಿಕ್ಸೆಲ್ ಕೊಟ್ಟು, ಬೆರೆಸುವ ಬಗೆಯನ್ನು `Color` ಎಂದು ಬದಲಿಸಬೇಕು. ಹೀಗೆ ಮಾಡಿದಾಗ ಮಸುಕಾಗುವುದು ಬಣ್ಣ ಮಾತ್ರ, ಕೂದಲಿನ ಎಳೆಗಳ ಬೆಳಕು ನೆರಳಿನ ವಿವರ ಕೆಳಗಿನ ಪದರದಿಂದ ಹಾಗೆಯೇ ಬರುತ್ತದೆ. ನಂತರ ಆ ಪದರಕ್ಕೆ ಕಪ್ಪು ಮಾಸ್ಕ್ ಹಾಕಿ, 30 ಪ್ರತಿಶತದ ಬಿಳಿ ಬ್ರಶ್‌ನಿಂದ ಅಂಚಿನ ಉದ್ದಕ್ಕೂ ನಿಧಾನವಾಗಿ ಸವರಬೇಕು. ಅಳಿಸದೆ ಉಳಿದಿದ್ದ ಬಣ್ಣ ಸುತ್ತಲಿನ ಕೂದಲಿನ ಕಂದುಗಪ್ಪಿನೊಂದಿಗೆ ಬೆರೆತು ಹೋಗುತ್ತದೆ, ಬೂದುವಿನ ತಣ್ಣನೆಯ ಕಳೆಯೂ ಇಳಿಯುತ್ತದೆ. ಬ್ರಶ್ ಅಗಲವಾದರೆ ಕುಪ್ಪಸದ ಬಣ್ಣ ಆಕಾಶಕ್ಕೆ ಸೋರುತ್ತದೆ, ಅದು ಮೊದಲಿನ ಗೆರೆಗಿಂತ ಕೆಟ್ಟದಾಗಿ ಕಾಣುತ್ತದೆ.

ಇದರಿಂದಲೂ ಸರಿಹೋಗದ ಎಳೆಗಳು ಕೆಲವು ಇರುತ್ತವೆ. ಆನೆಗುಂದಿಯ ಚಿತ್ರದಲ್ಲಿ ಕಿವಿಯ ಮೇಲಿಂದ ಹಾರಿದ್ದ ಮೂರು ಒಂಟಿ ಎಳೆಗಳು ಹೀಗಿದ್ದವು. ಅವುಗಳಲ್ಲಿ ಕೂದಲಿಗಿಂತ ಗೆರೆಯೇ ಅಗಲವಾಗಿತ್ತು. ಮದುಮಗಳನ್ನು ಕೇಳಿ, ಅವಳು ಒಪ್ಪಿದ ಮೇಲೆ ಅವನ್ನು ಅಳಿಸಿದೆ. ಕೊನೆಗೆ ಇಡೀ ಹಾಳೆ ಮುದ್ರಿಸುವ ಮುನ್ನ ಕೂದಲು ಮತ್ತು ಹೆಗಲಿನ ಭಾಗವನ್ನಷ್ಟೇ, ಆಲ್ಬಂನಲ್ಲಿ ಬರುವ ಅದೇ ಅಳತೆಯಲ್ಲಿ ಕತ್ತರಿಸಿ 4×6 ಇಂಚಿನ ಕಾಗದದ ಮೇಲೆ ತೆಗೆಸಿದೆ. ಕಾಗದದ ಮೇಲೆ ಗೆರೆ ಇರಲಿಲ್ಲ.

ಲಕ್ಷಣ: ಯಾವ ಚಿತ್ರ ತೆಗೆದರೂ ಒಂದೇ ಬದಿಗೆ ಹೆಚ್ಚು

ಎಡಗಡೆಯ ಮೂಲೆಗಳಲ್ಲಿ ಬಣ್ಣ ದಟ್ಟವಾಗಿ, ಬಲಗಡೆ ಏನೂ ಇಲ್ಲದಂತೆ ಕಂಡರೆ, ಅದರಲ್ಲೂ ಲೆನ್ಸು ಎಂದಾದರೂ ಕೆಳಗೆ ಬಿದ್ದಿದ್ದರೆ, ಒಳಗಿನ ಗಾಜು ತನ್ನ ನಡುವಿನಿಂದ ಸರಿದಿರುವ ಸಾಧ್ಯತೆ ಹೆಚ್ಚು. ಇಟ್ಟಿಗೆಯ ಗೋಡೆಯೊಂದಕ್ಕೆ ಕ್ಯಾಮೆರಾವನ್ನು ನೇರವಾಗಿ ಟ್ರೈಪಾಡ್ ಮೇಲೆ ನಿಲ್ಲಿಸಿ f/4ರಲ್ಲಿ ಒಂದು ಚಿತ್ರ ತೆಗೆದು, ನಾಲ್ಕೂ ಮೂಲೆಗಳನ್ನು 100 ಪ್ರತಿಶತದಲ್ಲಿ ಹೋಲಿಸಬೇಕು. ಆಮೇಲೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಬೇಕು. ಕೆಟ್ಟ ಮೂಲೆ ಗೋಡೆಯ ಅದೇ ಜಾಗದಲ್ಲಿ ಉಳಿದರೆ ಕ್ಯಾಮೆರಾ ಗೋಡೆಗೆ ನೇರವಾಗಿ ನಿಂತಿರಲಿಲ್ಲ ಎಂದರ್ಥ. ಕ್ಯಾಮೆರಾದ ಜೊತೆಗೆ ಅದೂ ತಿರುಗಿದರೆ ದೋಷ ಲೆನ್ಸಿನದು.

ಇಲ್ಲಿಗೆ ನಮ್ಮ ಕೈ ನಿಲ್ಲಬೇಕು. ಸ್ಕ್ರೂ ಬಿಚ್ಚಿ ಗಾಜನ್ನು ಸರಿಪಡಿಸಲು ಹೋಗಬಾರದು, ಅದನ್ನು ನಡುವಿಗೆ ಕೂರಿಸಲು ಅಳತೆಯ ಉಪಕರಣ ಬೇಕು. ಲೆನ್ಸಿನ ತಯಾರಕರು ಒಪ್ಪಿದ ಸೇವಾ ಕೇಂದ್ರಕ್ಕೆ ಕೊಡುವಾಗ ಗೋಡೆಯ ಆ ಎರಡು ಚಿತ್ರಗಳ ಮೂಲ ಫೈಲುಗಳನ್ನೂ ಜೊತೆಗೆ ಕೊಟ್ಟು, ದೋಷವಿರುವ ಮೂಲೆ ಯಾವುದೆಂದು ಕಾಗದದಲ್ಲಿ ಬರೆದು ಇಡಬೇಕು.